ಮಹಡಿಯ ಮೇಲೊಂದು ಕೋಣೆ: ಕಂಟ್ರ್ಯಾಕ್ಟರಿಗೆ ಬರೆಯುವ ಇಮೇಲ್‌ನಲ್ಲಿ ಏನಿರಬೇಕು?

ಪ್ರಶ್ನೆ: ನಮ್ಮ ಮನೆ ಗೋಣಿಕೊಪ್ಪಲಿನಿಂದ ಸ್ವಲ್ಪ ದೂರ, ಕಾಫಿ ತೋಟದ ಒಳಗಿದೆ. 2010ರಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ, ಮಳೆಗಾಗಿ ತಾರಸಿಯ ಮೇಲೆ ಶೀಟು ಹಾಕಿಸಿದ್ದೇವೆ. ಈಗ ಮೊದಲ ಮಹಡಿಯಲ್ಲಿ ಒಳ ಅಳತೆ 14ಕ್ಕೆ 12 ಅಡಿಯ ಒಂದು ಕೋಣೆ ಬೇಕು. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ಊರಿನಲ್ಲಿ ಅಪ್ಪ ಅಮ್ಮ ಮಾತ್ರ. ಒಬ್ಬ ಕಂಟ್ರ್ಯಾಕ್ಟರ್ ಚದರ ಅಡಿಗೆ 2,150 ರೂಪಾಯಿ ಎಂದರು, ಇನ್ನೊಬ್ಬರು ಎಲ್ಲ ಸೇರಿ 5.75 ಲಕ್ಷ ಎಂದರು. ಎರಡೂ ಫೋನಿನ ಮಾತು. ಐಟಂವಾರು ಬರೆದುಕೊಡಿ ಎಂದರೆ ಎರಡನೆಯವರು, ಅವರು ಅಪ್ಪನಿಗೆ ಹಳೆಯ ಪರಿಚಯ, ‘ನಂಬಿಕೆ ಇಲ್ಲವೇ?’ ಎಂದು ಬೇಸರಪಟ್ಟರು. ಪಟ್ಟಿ ಕೇಳಿದರೆ ದರ ಏರಿಸುತ್ತಾರೆ ಎಂದು ಅಪ್ಪನೂ ಹೇಳುತ್ತಾರೆ. ಕಾಲಂ ಕಂಬಿ ಮೊದಲೇ ಬಿಟ್ಟಿರುವುದರಿಂದ ಮೇಲೆ ಕಟ್ಟಲು ತೊಂದರೆ ಇಲ್ಲ ಎಂದುಕೊಂಡಿದ್ದೇವೆ. ಇಮೇಲ್‌ನಲ್ಲಿ ಏನೆಂದು ಬರೆದು ಕೇಳಲಿ?

ಉತ್ತರ: ಇಬ್ಬರಲ್ಲಿ ಯಾರದು ಕಡಿಮೆ ಎಂದು ಈಗ ಯಾರೂ ಹೇಳಲಾರರು, ಸ್ವತಃ ಅವರಿಬ್ಬರೂ ಹೇಳಲಾರರು. ಚದರ ಅಡಿಗೆ 2,150 ಎಂದವರು ಯಾವ ಚದರ ಅಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ ಎಂಬುದೇ ಗೊತ್ತಿಲ್ಲವಲ್ಲ.

ನಿಮ್ಮ ಕೋಣೆಯನ್ನೇ ಅಳೆದು ನೋಡೋಣ. ಒಳಗೆ 14ಕ್ಕೆ 12 ಎಂದರೆ 168 ಚದರ ಅಡಿ. ಸುತ್ತ 6 ಇಂಚಿನ ಗೋಡೆ ಸೇರಿಸಿದರೆ ಹೊರ ಅಳತೆ 15ಕ್ಕೆ 13, ಅಂದರೆ 195 ಚದರ ಅಡಿ. ಕೊಡಗಿನ ಮಳೆಗೆ ಗೋಡೆ ನೆನೆಯದಿರಲು ಚಾವಣಿಯನ್ನು ನಾಲ್ಕೂ ಕಡೆ 2 ಅಡಿ ಹೊರಚಾಚುತ್ತೇವೆ. ಆಗ ಚಾವಣಿ 19ಕ್ಕೆ 17 ಆಗಿ 323 ಚದರ ಅಡಿಗೆ ಏರುತ್ತದೆ. ಒಳ ಅಳತೆಗೆ 2,150ರಂತೆ ಲೆಕ್ಕ ಹಾಕಿದರೆ 3,61,200 ರೂಪಾಯಿ. ಹೊರ ಅಳತೆಗೆ 4,19,250. ಚಾವಣಿಯ ಅಳತೆಗೆ 6,94,450. ಕೋಣೆ ಅದೇ, ದರವೂ ಅದೇ, ಆದರೆ ಮೊತ್ತ ಸುಮಾರು ಎರಡು ಪಟ್ಟಾಗಿದೆ. ಇದರಲ್ಲಿ ಮೋಸವೇನೂ ಇಲ್ಲ. ಚಾವಣಿ ಅಳೆದು ಹಣ ಪಡೆಯುವುದು ನಮ್ಮಲ್ಲಿ ಹಲವರ ರೂಢಿ. ಕೆಲವರು ಹೊರಚಾಚಿದ ಭಾಗವನ್ನು ಅರ್ಧಕ್ಕೆ ಹಿಡಿಯುತ್ತಾರೆ. ಅವರವರ ರೂಢಿ ಅವರಿಗೆ ಎಷ್ಟು ಸಹಜವೆಂದರೆ ಅದನ್ನು ಬಾಯಿಬಿಟ್ಟು ಹೇಳಬೇಕೆಂದೇ ಅವರಿಗೆ ತೋಚುವುದಿಲ್ಲ. ಜಗಳ ಹುಟ್ಟುವುದು ಕೊನೆಯ ಬಿಲ್ಲಿನ ದಿನ.

ಇನ್ನೊಂದು ಮಾತು. ಚದರ ಅಡಿ ದರ ಹುಟ್ಟಿರುವುದು ನೆಲದಿಂದ ಎದ್ದು ನಿಲ್ಲುವ ಪೂರ್ತಿ ಮನೆಗಳ ಲೆಕ್ಕದಿಂದ. ಮಹಡಿಯ ಮೇಲಿನ ಒಂಟಿ ಕೋಣೆಗೆ ತಳಪಾಯವಿಲ್ಲ, ಆದ್ದರಿಂದ ಅಗ್ಗವಾಗಬೇಕು ಎಂದು ಮನೆಯವರಿಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಬ್ಲಾಕ್, ಮರಳು, ಜಲ್ಲಿ ಎಲ್ಲವನ್ನೂ ಮೇಲಕ್ಕೆ ಹೊರಬೇಕು. ಇರುವ ಶೀಟು ಬಿಚ್ಚಬೇಕು, ಪ್ಯಾರಾಪೆಟ್ ಒಡೆಯಬೇಕು. ಹತ್ತು ಚದರದ ಮನೆಗೂ ಎರಡು ಚದರದ ಕೋಣೆಗೂ ಸೆಂಟ್ರಿಂಗ್ ಸಾಮಾನು ತರಿಸುವ ಬಾಡಿಗೆಯಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ತಳಪಾಯದಲ್ಲಿ ಉಳಿದದ್ದು ಇಲ್ಲಿ ಹೋಗುತ್ತದೆ.

ಬೆಲೆಯ ಮಾತಿಗಿಂತ ಮೊದಲು ಕಾಲಂ ಕಂಬಿಯ ಮಾತು ಮುಗಿಸಬೇಕು, ಏಕೆಂದರೆ ಇಮೇಲ್‌ನಲ್ಲಿ ಏನು ಬರೆಯುತ್ತೀರಿ ಎಂಬುದು ಅದರ ಮೇಲೆ ನಿಂತಿದೆ. ಕಂಬಿ ಬಿಟ್ಟಿದ್ದಾರೆ ಎಂದರೆ ಮುಂದೆ ಕಟ್ಟುವ ಆಸೆ ಇತ್ತು ಎಂದಷ್ಟೇ ಅರ್ಥ. ಕೆಳಗಿನ ಪಾಯ ಆ ಭಾರಕ್ಕೆ ತಕ್ಕಂತೆ ಹಾಕಿದ್ದಾರೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಒಂದೇ ಅಂತಸ್ತಿನ ಪಾಯ ಹಾಕಿ, ಕಂಬಿಯನ್ನು ಮಾತ್ರ ಎರಡು ಅಡಿ ಮೇಲೆ ಬಿಟ್ಟ ಮನೆಗಳನ್ನು ಈ ಜಿಲ್ಲೆಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಭಾರ ಎಷ್ಟೆಂದು ಅಂದಾಜು ಮಾಡಿ ನೋಡಿ. ನಿಮ್ಮ ಕೋಣೆಯ ಗೋಡೆ 10 ಅಡಿ ಎತ್ತರದ್ದಾದರೆ ಬಾಗಿಲು, ಎರಡು ಕಿಟಕಿ, ಲಿಂಟಲ್ ಕಳೆದು ಸುಮಾರು 450 ಚದರ ಅಡಿ ಬ್ಲಾಕ್ ಕೆಲಸ ಉಳಿಯುತ್ತದೆ. 6 ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕ್‌ನಲ್ಲಿ, ಗಾರೆಯೂ ಸೇರಿ, ಇದು 16 ಟನ್ನಿನ ಆಸುಪಾಸು ತೂಗುತ್ತದೆ. ಮೇಲಿನ 5 ಇಂಚಿನ ಸ್ಲ್ಯಾಬ್ ಇನ್ನೊಂದು ಒಂಬತ್ತೂವರೆ ಟನ್. ಜನ, ಮಂಚ, ಬೀರುವಿಗೆಂದು ನಮ್ಮ ದೇಶದ ಕಟ್ಟಡ ಸಂಹಿತೆ ವಾಸದ ಕೋಣೆಗೆ ಹಿಡಿಯುವುದು ಚದರ ಮೀಟರಿಗೆ 200 ಕಿಲೋ. ನಿಮ್ಮ ಕೋಣೆಗೆ ಅದು ಸುಮಾರು 3 ಟನ್ ಆಗುತ್ತದೆ. ಮೇಲೆ ಎಷ್ಟು ಜನ ಮಲಗುತ್ತಾರೆ ಎಂದು ಮನೆಯವರು ಚಿಂತಿಸುತ್ತಾರೆ, ನಿಜವಾದ ಹೊರೆ ಗೋಡೆ ಮತ್ತು ಚಾವಣಿಯದು. ಈ ಗೋಡೆ ಕೆಳಗಿನ ಬೀಮಿನ ಮೇಲೆ ಅಥವಾ ಕೆಳಗಿನ ಗೋಡೆಯ ಮೇಲೆ ನೇರವಾಗಿ ಕೂರಬೇಕು. ಕೆಳಗೆ ಹಜಾರದ ನಡುವಿನ ಬರಿಯ ಸ್ಲ್ಯಾಬ್ ಇದ್ದು ಅದರ ಮೇಲೆ ಗೋಡೆ ಎಬ್ಬಿಸಿದರೆ ಕೆಲವು ತಿಂಗಳಲ್ಲಿ ಹಜಾರದ ಚಾವಣಿಯ ಅಡಿಭಾಗದಲ್ಲಿ, ಗೋಡೆಯ ಸಾಲಿಗೆ ಸಮಾನಾಂತರವಾಗಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ಆ ಬಿರುಕು ಕಂಡರೆ ಬಣ್ಣ ಬಳಿದು ಮುಚ್ಚಬಾರದು.

ಕಂಬಿಯ ಸ್ಥಿತಿಯನ್ನೂ ನೋಡಬೇಕು. 2010ರಿಂದ ಹೊರಗಿರುವ ಕಂಬಿಗೆ ಶೀಟಿನ ನೆರಳಿದ್ದರೂ ನಮ್ಮ ತೇವದ ಗಾಳಿ ತಪ್ಪಿಲ್ಲ. ಕಂದು ಬಣ್ಣದ ಪುಡಿ ಉಜ್ಜಿದರೆ ಹೋಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಪದರ ಪದರವಾಗಿ ಏಳುತ್ತಿದ್ದರೆ, ಕಂಬಿಯ ಮೈಮೇಲಿನ ಏಣುಗಳು ಕರಗಿ ಮೈ ನುಣುಪಾಗಿದ್ದರೆ, ಕಾಲಂ ತಲೆ ಒಡೆದು ಒಳಗಿನ ಒಳ್ಳೆಯ ಕಂಬಿ ಸಿಗುವವರೆಗೆ ಇಳಿಯಬೇಕಾಗುತ್ತದೆ. ಉದ್ದವೂ ಮುಖ್ಯ. ಹೊಸ ಕಂಬಿಯನ್ನು ಹಳೆಯದರ ಪಕ್ಕಕ್ಕೆ ಕಟ್ಟುವಾಗ ಎರಡೂ ಒಟ್ಟಿಗೆ ಸಾಗಬೇಕಾದ ಉದ್ದ ಕಂಬಿಯ ದಪ್ಪದ ಸುಮಾರು 50 ಪಟ್ಟು. 12 ಎಂಎಂ ಕಂಬಿಗೆ ಅದು 600 ಎಂಎಂ, ಅಂದರೆ 2 ಅಡಿ. ನಿಮ್ಮಲ್ಲಿ ಒಂದೇ ಅಡಿ ಹೊರಗಿದ್ದರೆ ಒಡೆದು ಉದ್ದ ಪಡೆಯಬೇಕು, ಇಲ್ಲವೇ ಕಾಲಂನಲ್ಲಿ ಆಳಕ್ಕೆ ಕೊರೆದು ರಾಸಾಯನಿಕ ಅಂಟಿನಲ್ಲಿ ಹೊಸ ಕಂಬಿ ನೆಡಬೇಕು. ಇವೆಲ್ಲ ಫೋನಿನ 5.75 ಲಕ್ಷದಲ್ಲಿ ಇರಲಾರದ ಖರ್ಚುಗಳು.

ಆದ್ದರಿಂದ ಇಮೇಲ್ ಕಳುಹಿಸುವ ಮೊದಲು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು ಒಮ್ಮೆ ಮನೆಗೆ ಕರೆಸಿ. ಅವರು ಒಂದು ಮೂಲೆಯ ಕಾಲಂ ಪಕ್ಕ ಗುಂಡಿ ತೋಡಿಸಿ ಪಾಯದ ಅಗಲ ನೋಡುತ್ತಾರೆ, ಬೀಮುಗಳು ಎಲ್ಲೆಲ್ಲಿವೆ ಎಂದು ಗುರುತಿಸುತ್ತಾರೆ, ಕೋಣೆಯನ್ನು ತಾರಸಿಯ ಯಾವ ಭಾಗದಲ್ಲಿ ಕೂರಿಸಬಹುದು ಎಂದು ಹೇಳುತ್ತಾರೆ. ಇಳಿಜಾರಿನ ಜಾಗದಲ್ಲಿ ಕಡಿದು ಸಮ ಮಾಡಿದ ನಿವೇಶನವಾದರೆ ಇದನ್ನು ಬಿಡಲೇಬೇಡಿ. ಒಂದು ಬದಿ ಗಟ್ಟಿ ನೆಲ, ಇನ್ನೊಂದು ಬದಿ ಮಣ್ಣು ತುಂಬಿದ ನೆಲ ಇರುವ ಮನೆಗಳಿಗೆ ಮೇಲಿನ ಭಾರ ಹೆಚ್ಚಿದಾಗ ತುಂಬಿದ ಬದಿಯೇ ಮೊದಲು ಕುಸಿಯುವುದು. 2018ರ ಆಗಸ್ಟಿನ ಭೂಕುಸಿತಗಳ ನಂತರ ನಮ್ಮ ಜಿಲ್ಲೆಯವರಿಗೆ ಮಣ್ಣಿನ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಅವರು ಭಾರ ತಾಳಲಾರದು ಎಂದರೆ ಕೋಣೆಯ ಆಸೆ ಬಿಡಬೇಕಾಗಿಲ್ಲ, ಚಾವಣಿ ಬದಲಾಯಿಸಬಹುದು. ಸ್ಲ್ಯಾಬಿನ ಬದಲು ಕಬ್ಬಿಣದ ಪೈಪಿನ ಟ್ರಸ್ ಮಾಡಿ ಶೀಟು ಹಾಕಿ, ಒಳಗೆ ಫಾಲ್ಸ್ ಸೀಲಿಂಗ್ ಕೊಟ್ಟರೆ ಒಂಬತ್ತೂವರೆ ಟನ್ ಇದ್ದದ್ದು ಒಂದು ಟನ್ನಿಗೂ ಕಡಿಮೆಯಾಗುತ್ತದೆ. ಗೋಡೆಗೆ ಹಗುರವಾದ ಎಎಸಿ ಬ್ಲಾಕ್ ಬಳಸಿದರೆ 16 ಟನ್ನಿನ ಜಾಗದಲ್ಲಿ 7 ಟನ್ ಸಾಕು. ಎರಡಕ್ಕೂ ಬೆಲೆ ತೆರಬೇಕು. ಜುಲೈ ತಿಂಗಳ ರಾತ್ರಿ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸದು. ಎಎಸಿ ಬ್ಲಾಕ್ ನೀರು ಹೀರುತ್ತದೆ, ಹೊರಗಾರೆ ಮತ್ತು ಚಾವಣಿಯ ಚಾಚು ಸರಿಯಾಗಿಲ್ಲದಿದ್ದರೆ ಪಡುವಣ ಗೋಡೆಯಲ್ಲಿ ಒಂದೇ ಮಳೆಗಾಲಕ್ಕೆ ಬೂಷ್ಟು ಏಳುತ್ತದೆ. ಮಂಗಳೂರು ಹೆಂಚು ನಡುವಿನ ದಾರಿ. ಅದರ ತೂಕ ಶೀಟಿಗಿಂತ ಹೆಚ್ಚು, ಸ್ಲ್ಯಾಬಿಗಿಂತ ಬಹಳ ಕಡಿಮೆ, ಸದ್ದೂ ಕಡಿಮೆ. ನನ್ನನ್ನು ಕೇಳಿದರೆ ನಿಮ್ಮಂಥ ಮನೆಗೆ ಟ್ರಸ್ ಚಾವಣಿಯೇ ಒಳ್ಳೆಯದು. ಸ್ಲ್ಯಾಬ್ ಹಾಕಿದರೂ ಅದರ ಮೇಲೆ ಮತ್ತೆ ಶೀಟು ಹಾಕಿಸದೆ ಇಲ್ಲಿ ಯಾರೂ ಬಿಡುವುದಿಲ್ಲ, ಒಂದೇ ಕೋಣೆಗೆ ಎರಡು ಚಾವಣಿಯ ಹಣ ಹೋಗುತ್ತದೆ. ನಿಮ್ಮ ಈಗಿನ ಟ್ರಸ್ ಗಟ್ಟಿ ಇದ್ದರೆ ಅದನ್ನೇ ಎತ್ತರಿಸಿ ಬಳಸಬಹುದೇ ಎಂದು ಕೇಳಬೇಕಾದದ್ದು ಅದಕ್ಕೇ.

ಈಗ ನಂಬಿಕೆಯ ಪ್ರಶ್ನೆಗೆ ಬರೋಣ. ಕಂಟ್ರ್ಯಾಕ್ಟರ್ ಬೇಸರಪಟ್ಟದ್ದರಲ್ಲಿ ಅವರ ಪಾಲಿನ ನ್ಯಾಯವೂ ಇದೆ. ಸಣ್ಣ ಕಂಟ್ರ್ಯಾಕ್ಟರಿಗೆ ಕಚೇರಿಯಿಲ್ಲ, ಲೆಕ್ಕದವರಿಲ್ಲ. ಅಳತೆ ತೆಗೆದು, ಪ್ರಮಾಣ ಲೆಕ್ಕ ಹಾಕಿ, ಐಟಂವಾರು ಬರೆಯಲು ಅವರಿಗೆ ಒಂದೆರಡು ಸಂಜೆ ಬೇಕು. ಅಷ್ಟು ಮಾಡಿಕೊಟ್ಟ ಪಟ್ಟಿಯನ್ನು ಮನೆಯವರು ಇನ್ನೊಬ್ಬರಿಗೆ ತೋರಿಸಿ ‘ಇದಕ್ಕಿಂತ ಕಡಿಮೆಗೆ ಮಾಡುತ್ತೀರಾ?’ ಎಂದು ಕೇಳಿದ ಅನುಭವ ಅವರಿಗೆ ಎಷ್ಟೋ ಸಲ ಆಗಿರುತ್ತದೆ. ‘ನಂಬಿಕೆ ಇಲ್ಲವೇ?’ ಎಂಬ ಮಾತಿನ ಹಿಂದೆ ಅನೇಕ ವೇಳೆ ಇರುವುದು ಈ ದಣಿವು.

ಅದಕ್ಕೆ ಮದ್ದು ಸುಲಭವಾಗಿದೆ. ಪಟ್ಟಿ ಕಳುಹಿಸಿ ಎಂದು ಕೇಳಬೇಡಿ, ಪಟ್ಟಿಯನ್ನು ನೀವೇ ಕಳುಹಿಸಿ. ಕೆಲಸದ ವಿವರ ಮತ್ತು ಪ್ರಮಾಣ ನಿಮ್ಮಿಂದ ಹೋಗಲಿ, ಅವರು ದರ ತುಂಬಿದರೆ ಸಾಕು. ಮನೆಗೆ ಬರುವ ಇಂಜಿನಿಯರ್ ಇನ್ನಷ್ಟು ಶುಲ್ಕಕ್ಕೆ ಈ ಪ್ರಮಾಣಪಟ್ಟಿಯನ್ನೂ ಮಾಡಿಕೊಡುತ್ತಾರೆ. ಕಂಟ್ರ್ಯಾಕ್ಟರಿಗೆ ಎರಡು ಸಂಜೆಯ ಕೆಲಸ ಅರ್ಧ ಗಂಟೆಗೆ ಇಳಿಯುತ್ತದೆ. ಎಲ್ಲರೂ ಒಂದೇ ಪ್ರಮಾಣಕ್ಕೆ ದರ ಬರೆಯುವುದರಿಂದ ನಿಮಗೂ ಹೋಲಿಸಲು ಬರುತ್ತದೆ. ಇಮೇಲ್ ಹೋಗುವ ಮೊದಲು ನಿಮ್ಮ ತಂದೆಯವರು ಒಂದು ಫೋನು ಮಾಡಿ, ‘ಮಗಳು ದೂರದಲ್ಲಿದ್ದಾಳೆ, ಬಂದು ನೋಡಲು ಆಗುವುದಿಲ್ಲ, ಅವಳಿಗೆ ಬರಹದಲ್ಲಿ ಬೇಕು’ ಎಂದರೆ ಬೇಸರವೂ ಉಳಿಯಲಿಕ್ಕಿಲ್ಲ. ಅದು ನಿಜವೂ ಹೌದು.

ದರ ಏರಿಸುತ್ತಾರೆ ಎಂಬ ನಿಮ್ಮ ತಂದೆಯವರ ಮಾತು ಅರ್ಧ ಸರಿ. 5.75 ಲಕ್ಷ ಎಂದವರು ಬರೆಯಲು ಕುಳಿತಾಗ ಆರೂವರೆಗೆ ಹೋಗಬಹುದು. ಶೀಟು ಬಿಚ್ಚುವ ಕೂಲಿ, ಒಡೆದ ಕಸ ಸಾಗಿಸುವ ಬಾಡಿಗೆ, ಕಿಟಕಿಯ ಗ್ರಿಲ್ ಫೋನಿನಲ್ಲಿ ನೆನಪಿಗೆ ಬಂದಿರುವುದಿಲ್ಲ, ಕಾಗದದ ಮೇಲೆ ಬರುತ್ತವೆ. ಅವು ಹೇಗೂ ನಿಮ್ಮ ಜೇಬಿನಿಂದಲೇ ಹೋಗುವ ಹಣ, ಕೆಲಸದ ನಡುವೆ ‘ಅದು ಸೇರಿರಲಿಲ್ಲ’ ಎಂಬ ಮಾತಿನೊಂದಿಗೆ ಬರುವ ಬದಲು ಮೊದಲೇ ಗೊತ್ತಾಗುತ್ತವೆ.

ಇಮೇಲ್ ಹೀಗಿರಲಿ. ಅಳತೆಗಳನ್ನು ಇಂಜಿನಿಯರ್ ಹೇಳಿದಂತೆ ತಿದ್ದಿಕೊಳ್ಳಿ. ಇಲ್ಲಿ ಸ್ಲ್ಯಾಬ್ ಚಾವಣಿಗೆ ಬರೆದಿದ್ದೇನೆ, ಟ್ರಸ್ ಆದರೆ 5ನೆಯ ಸಾಲು ಬದಲಾಗುತ್ತದೆ.

ವಿಷಯ: ಮೊದಲ ಮಹಡಿಯಲ್ಲಿ ಒಂದು ಕೋಣೆ, ಐಟಂವಾರು ದರ ಕೋರಿ

ಮಾನ್ಯರೇ, ನಮಸ್ಕಾರ.

ತಂದೆಯವರು ನಿಮ್ಮೊಡನೆ ಫೋನಿನಲ್ಲಿ ಮಾತನಾಡಿದಂತೆ ನಮ್ಮ ಮನೆಯ ಮೊದಲ ಮಹಡಿಯಲ್ಲಿ ಒಳ ಅಳತೆ 14 × 12 ಅಡಿ, ಎತ್ತರ 10 ಅಡಿಯ ಒಂದು ಕೋಣೆ ಕಟ್ಟಿಸಬೇಕಾಗಿದೆ. ನಕ್ಷೆ ಮತ್ತು ಫೋಟೋಗಳನ್ನು ಲಗತ್ತಿಸಿದ್ದೇನೆ. ತಾರಸಿಯ ಮೇಲೆ ಈಗ ಶೀಟಿನ ಚಾವಣಿ ಇದೆ. ಕಾಲಂ ಕಂಬಿಗಳು ತಾರಸಿಯಿಂದ ಎಷ್ಟು ಹೊರಗಿವೆ ಎಂಬ ಅಳತೆ ಫೋಟೋದಲ್ಲಿದೆ. ಲಾರಿ ರಸ್ತೆಯವರೆಗೆ ಮಾತ್ರ ಬರುತ್ತದೆ, ಅಲ್ಲಿಂದ ಮನೆಗೆ ಪಿಕಪ್‌ನಲ್ಲಿ ಸಾಗಿಸಬೇಕು. ನೀರು ಮತ್ತು ವಿದ್ಯುತ್ತನ್ನು ನಾವು ಕೊಡುತ್ತೇವೆ.

ದಯವಿಟ್ಟು ಒಮ್ಮೆ ಬಂದು ಜಾಗ ನೋಡಿ, ಸಾಮಗ್ರಿ ಮತ್ತು ಕೂಲಿ ಎರಡೂ ಸೇರಿದಂತೆ ಕೆಳಗಿನ ಪ್ರತಿ ಸಾಲಿಗೂ ದರ ಬರೆದು ಕೊಡಬೇಕೆಂದು ಕೋರುತ್ತೇನೆ. ಪ್ರಮಾಣ ತಪ್ಪೆನಿಸಿದರೆ ತಿದ್ದಿ, ಕಾರಣ ಬರೆಯಿರಿ.

1. ಈಗಿನ ಶೀಟು, ಟ್ರಸ್ ಬಿಚ್ಚಿ ಅಂಗಳದಲ್ಲಿ ಜೋಡಿಸುವುದು, ಅಗತ್ಯವಿರುವಷ್ಟು ಪ್ಯಾರಾಪೆಟ್ ಒಡೆಯುವುದು: ಒಟ್ಟು ಮೊತ್ತ. ಹಳೆಯ ಶೀಟು, ಪೈಪು ನಮ್ಮಲ್ಲೇ ಉಳಿಯುತ್ತವೆ.
2. ಕಾಲಂ ತಲೆ ಒಡೆದು, ಹಳೆಯ ಕಂಬಿ ಶುಚಿ ಮಾಡಿ, ಹೊಸ ಕಂಬಿ ಜೋಡಿಸುವುದು: 4 ಕಾಲಂ, ಒಂದಕ್ಕೆ ದರ.
3. ಕಾಲಂ, ಲಿಂಟಲ್, ಬೀಮ್ ಕಾಂಕ್ರೀಟ್, ಸೆಂಟ್ರಿಂಗ್ ಸೇರಿ: ಘನ ಅಡಿಗೆ ದರ. ಕಂಬಿಗೆ ಪ್ರತ್ಯೇಕವಾಗಿ ಕಿಲೋ ದರ.
4. 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ: 450 ಚದರ ಅಡಿ.
5. ಚಾವಣಿ, 5 ಇಂಚು ಸ್ಲ್ಯಾಬ್, 323 ಚದರ ಅಡಿ: ಕಾಂಕ್ರೀಟ್ 135 ಘನ ಅಡಿ, ಸೆಂಟ್ರಿಂಗ್ ಚದರ ಅಡಿಗೆ, ಕಂಬಿ ಕಿಲೋಗೆ.
6. ಗಾರೆ: ಒಳಗೋಡೆ 520, ಚಾವಣಿಯ ಅಡಿಭಾಗ 168, ಹೊರಗೋಡೆ 499 ಚದರ ಅಡಿ. ಮೂರಕ್ಕೂ ಬೇರೆ ಬೇರೆ ದರ.
7. ನೆಲದ ಟೈಲ್ಸ್: 168 ಚದರ ಅಡಿ. ಟೈಲ್ಸ್ ಬೆಲೆಯ ಮಿತಿ ಮತ್ತು ಹಾಕುವ ಕೂಲಿ ಬೇರೆಯಾಗಿ.
8. ಬಾಗಿಲು 3 × 7 ಅಡಿ ಒಂದು, ಕಿಟಕಿ 5 × 4 ಅಡಿ ಎರಡು, ಗ್ರಿಲ್ ಸಹಿತ: ಒಂದೊಂದರ ದರ.
9. ವಿದ್ಯುತ್ ಪಾಯಿಂಟ್: ಒಂದಕ್ಕೆ ದರ. ಬಣ್ಣ: ಚದರ ಅಡಿಗೆ ದರ.
10. ಸಾಮಗ್ರಿಯನ್ನು ರಸ್ತೆಯಿಂದ ಮನೆಗೆ, ಮನೆಯಿಂದ ಮೇಲಕ್ಕೆ ಸಾಗಿಸುವುದು, ಒಡೆದ ಕಸ ಹೊರಸಾಗಿಸುವುದು: ಮೇಲಿನ ದರಗಳಲ್ಲಿ ಸೇರಿದೆಯೇ, ಬೇರೆಯೇ?

ಸಿಮೆಂಟ್ ಮತ್ತು ಕಂಬಿ ಯಾವ ಕಂಪನಿಯದು, ಕಾಂಕ್ರೀಟ್ ಯಾವ ದರ್ಜೆಯದು, ಜಿಎಸ್‌ಟಿ ಸೇರಿದೆಯೇ, ಈ ದರ ಎಷ್ಟು ದಿನ ಊರ್ಜಿತ, ಕೆಲಸ ಯಾವಾಗ ಶುರು ಮಾಡಿ ಯಾವಾಗ ಮುಗಿಸುತ್ತೀರಿ ಎಂಬುದನ್ನೂ ತಿಳಿಸಿ. ಪಟ್ಟಿಯಲ್ಲಿ ಇಲ್ಲದ ಕೆಲಸ ಬಂದರೆ ಮೊದಲು ದರ ಬರೆದುಕೊಂಡು ನಂತರ ಮಾಡೋಣ. ಮುಂದಿನ ಶನಿವಾರದೊಳಗೆ ಉತ್ತರ ಬಂದರೆ ಉಪಕಾರವಾಗುತ್ತದೆ. ನೀವು ಬರೆದ ದರವನ್ನು ಬೇರೆ ಯಾರಿಗೂ ತೋರಿಸುವುದಿಲ್ಲ.

ವಂದನೆಗಳೊಂದಿಗೆ,

ಇಷ್ಟು ಸಾಕು. ಕೊನೆಯ ವಾಕ್ಯವನ್ನು ಬರೆದರೆ ಅದರಂತೆ ನಡೆದುಕೊಳ್ಳಿ. ತೋಟದ ನಡುವೆ ನೆಟ್‌ವರ್ಕ್ ಸಿಗುವ ತಿರುವಿನಲ್ಲಿ ನಿಂತು ಮೊಬೈಲಿನಲ್ಲೇ ಓದುವವರು ಬಹಳ, ಆದ್ದರಿಂದ ದೊಡ್ಡ ಫೈಲುಗಳನ್ನು ಲಗತ್ತಿಸಬೇಡಿ. ಪಟ್ಟಿಯ ಒಂದು ಮುದ್ರಿತ ಪ್ರತಿಯನ್ನು ತಂದೆಯವರ ಕೈಗೆ ಕೊಟ್ಟಿರಿ. ಕಂಟ್ರ್ಯಾಕ್ಟರ್ ಅದರ ಮೇಲೇ ಪೆನ್ನಿನಿಂದ ದರ ಬರೆದು ಸಹಿ ಹಾಕಿದರೂ ಸಾಕು, ಫೋಟೋ ತೆಗೆದು ನೀವೇ ಅವರಿಗೆ ಇಮೇಲ್ ಮಾಡಿ ‘ಹೀಗೆ ಕೊಟ್ಟಿದ್ದೀರಿ’ ಎಂದು ದಾಖಲೆ ಮಾಡಿಕೊಳ್ಳಿ.

ಕೆಲವು ಸಾಲುಗಳನ್ನು ಏಕೆ ಹಾಗೆ ಬರೆದೆ ಎಂದು ಹೇಳಬೇಕು. ಕಂಬಿಗೆ ಪ್ರತ್ಯೇಕ ಕಿಲೋ ದರ ಕೇಳಿದ್ದು, ಕಾಂಕ್ರೀಟಿನೊಳಗೆ ಮುಚ್ಚಿಹೋಗುವ ವಸ್ತು ಅದಾದ್ದರಿಂದ. ಇಂಥ ಸ್ಲ್ಯಾಬಿಗೆ 300ರಿಂದ 380 ಕಿಲೋ ಕಂಬಿ ಬೇಕಾಗುತ್ತದೆ ಎಂಬುದು ರೂಢಿಯ ಅಂದಾಜು, ನಿಖರ ಲೆಕ್ಕ ಇಂಜಿನಿಯರ್ ನಕ್ಷೆಯಲ್ಲಿ ಸಿಗುತ್ತದೆ. ಕಂಬಿ 12 ಮೀಟರ್ ಉದ್ದದಲ್ಲಿ ಬರುತ್ತದೆ. ಪೂರ್ತಿ ಉದ್ದದ ಒಂದು 8 ಎಂಎಂ ಕಂಬಿ ಸುಮಾರು 4.7 ಕಿಲೋ, 10 ಎಂಎಂ 7.4 ಕಿಲೋ, 12 ಎಂಎಂ 10.7 ಕಿಲೋ ತೂಗುತ್ತದೆ. ಕಂಬಿ ಇಳಿಸುವ ದಿನ ನಿಮ್ಮ ತಂದೆಯವರು ಒಂದೊಂದು ದಪ್ಪದ್ದು ಎಷ್ಟೆಷ್ಟು ಬಂತು ಎಂದು ಎಣಿಸಿ ನಿಮಗೆ ಹೇಳಿದರೆ, ಮೈಸೂರಿನಲ್ಲಿ ಕುಳಿತೇ ಕಿಲೋ ಲೆಕ್ಕ ಸರಿಹೋಯಿತೇ ಎಂದು ನೋಡಬಹುದು.

ಗಾರೆಯ ಅಳತೆಯಲ್ಲಿ ಒಂದು ಸಂಗತಿ ನಿಮಗೆ ವಿಚಿತ್ರವಾಗಿ ಕಾಣಬಹುದು. ಬಾಗಿಲು ಕಿಟಕಿಗಳ 61 ಚದರ ಅಡಿಯನ್ನು ಹೊರಗೋಡೆಯಲ್ಲಿ ಕಳೆದಿದ್ದೇನೆ, ಒಳಗೋಡೆಯಲ್ಲಿ ಕಳೆದಿಲ್ಲ. ಕಟ್ಟಡ ಕೆಲಸ ಅಳೆಯುವ ಐಎಸ್ 1200 ನಿಯಮಾವಳಿಯೇ ಹಾಗಿದೆ. ಅರ್ಧ ಚದರ ಮೀಟರಿಗಿಂತ ದೊಡ್ಡದಾದ, 3 ಚದರ ಮೀಟರಿಗೆ ಮೀರದ ತೆರಪಿಗೆ ಒಂದು ಬದಿಯ ಗಾರೆಯನ್ನು ಮಾತ್ರ ಕಳೆಯುತ್ತಾರೆ. ಚೌಕಟ್ಟಿನ ಸುತ್ತ ಗೋಡೆಯ ದಪ್ಪಕ್ಕೆ ಅಂಚು ಎಳೆದು ಗಾರೆ ಮಾಡುವ ನಾಜೂಕು ಕೆಲಸಕ್ಕೆ ಅದು ಸಲ್ಲುತ್ತದೆ. ಎರಡೂ ಬದಿ ಕಳೆಯಿರಿ ಎಂದು ನೀವು ಹಟ ಹಿಡಿದರೆ ತಪ್ಪು ನಿಮ್ಮದಾಗುತ್ತದೆ. ಬ್ಲಾಕ್ ಗೋಡೆಯಲ್ಲಿ ಮಾತ್ರ ತೆರಪನ್ನು ಪೂರ್ತಿ ಕಳೆಯಲೇಬೇಕು. ಕಳೆಯದೆ 540 ಚದರ ಅಡಿ ಎಂದು ಬರೆದಿದ್ದರೆ ಕಟ್ಟದ ಗೋಡೆಗೆ ಹಣ ಕೇಳುತ್ತಿದ್ದಾರೆ ಎಂದು ತಿಳಿಯಿರಿ.

ಹಳೆಯ ಶೀಟಿನ ಮಾತನ್ನು ಮೊದಲ ಸಾಲಿನಲ್ಲೇ ಬರೆದದ್ದು ಅದು ಜಗಳದ ವಸ್ತುವೆಂದು. ಬಿಚ್ಚಿದ್ದು ಬಿಚ್ಚಿದವರಿಗೆ ಎಂದು ತಿಳಿದ ತಂಡಗಳಿವೆ, ಗುಜರಿಗೆ ಹಾಕಿದರೂ ಅದಕ್ಕೆ ಒಳ್ಳೆಯ ಬೆಲೆಯಿದೆ. ಇನ್ನೊಂದು ಅಪಾಯವೂ ಇದೆ. ವರ್ಷಗಟ್ಟಲೆ ಶೀಟಿನಡಿಯಲ್ಲಿದ್ದ ತಾರಸಿಗೆ ಸಾಮಾನ್ಯವಾಗಿ ನೀರು ತಡೆಯುವ ಲೇಪನ ಮಾಡಿಸಿರುವುದಿಲ್ಲ. ಶೀಟು ತೆಗೆದ ದಿನದಿಂದ ಕೆಳಗಿನ ಮನೆ ಮಳೆಗೆ ತೆರೆದಂತೆ. ಕೋಣೆ ಕಟ್ಟಿದ ಮೇಲೆ ಉಳಿಯುವ ತಾರಸಿಯ ಭಾಗಕ್ಕೂ ಹೊಸ ಗೋಡೆಗೂ ನಡುವಿನ ಮೂಲೆಯಲ್ಲಿ ನೀರು ಇಳಿಯುತ್ತದೆ. ಅಲ್ಲಿ ಗೋಡೆಯ ಮೊದಲ ವರಸೆಗೆ ಮೊದಲು 4 ಇಂಚಿನಷ್ಟು ಕಾಂಕ್ರೀಟ್ ಕಟ್ಟೆ ಹಾಕಿಸಿ, ಅದರ ಮೇಲೆ ಬ್ಲಾಕ್ ಕೂರಿಸಿದರೆ ಎಷ್ಟೋ ತೊಂದರೆ ತಪ್ಪುತ್ತದೆ. ಇಂಜಿನಿಯರ್ ಒಪ್ಪಿದರೆ ಅದನ್ನೂ ಒಂದು ಸಾಲಾಗಿ ಸೇರಿಸಿ.

ಉತ್ತರಗಳು ಬಂದ ಮೇಲೆ ಒಟ್ಟು ಮೊತ್ತವನ್ನು ಕೊನೆಗೆ ನೋಡಿ. ಮೊದಲು ಖಾಲಿ ಬಿಟ್ಟ ಸಾಲುಗಳನ್ನು ನೋಡಿ. ಖಾಲಿ ಎಂದರೆ ಮರೆತಿದ್ದಾರೆ, ಅಥವಾ ಬೇರೆ ಸಾಲಿನಲ್ಲಿ ಸೇರಿಸಿದ್ದಾರೆ, ಕೇಳಿ ಬರೆಸಿಕೊಳ್ಳಿ. ಆಮೇಲೆ ಮೊದಲು ಆಗುವ ಕೆಲಸಗಳ ದರವನ್ನು ಕೊನೆಗೆ ಆಗುವ ಕೆಲಸಗಳ ದರದೊಂದಿಗೆ ಹೋಲಿಸಿ. ಕೆಲವರು ಕಾಲಂ, ಗೋಡೆ, ಸ್ಲ್ಯಾಬಿಗೆ ದರ ಏರಿಸಿ, ಗಾರೆ, ಟೈಲ್ಸ್, ಬಣ್ಣಕ್ಕೆ ಬಹಳ ಕಡಿಮೆ ಬರೆಯುತ್ತಾರೆ. ಒಟ್ಟು ಮೊತ್ತ ಆಕರ್ಷಕವಾಗಿಯೇ ಇರುತ್ತದೆ. ಸ್ಲ್ಯಾಬ್ ಬಿದ್ದ ದಿನಕ್ಕೆ ಹಣದ ಮುಕ್ಕಾಲು ಪಾಲು ಅವರ ಕೈ ಸೇರಿರುತ್ತದೆ, ಉಳಿದ ಕೆಲಸದಲ್ಲಿ ಅವರಿಗೆ ಲಾಭವೇ ಇರುವುದಿಲ್ಲ. ಆಗ ತಂಡ ಬೇರೆ ಮನೆಗೆ ಹೋಗುತ್ತದೆ, ನಿಮ್ಮ ಕೋಣೆ ಗಾರೆಯಿಲ್ಲದೆ ಮಳೆಗಾಲ ಕಳೆಯುತ್ತದೆ. ಇನ್ನೊಬ್ಬರಿಂದಲೂ ದರ ತರಿಸಿ ಮೂವರ ಉತ್ತರ ಪಕ್ಕಪಕ್ಕದಲ್ಲಿಟ್ಟರೆ ಇದು ಕಣ್ಣಿಗೆ ಬೀಳುತ್ತದೆ: ಒಬ್ಬರ ಗಾರೆಯ ದರ ಉಳಿದಿಬ್ಬರದಕ್ಕಿಂತ ಅರ್ಧದಷ್ಟಿದ್ದರೆ, ಅವರ ಗೋಡೆಯ ದರ ಎಷ್ಟಿದೆ ಎಂದು ನೋಡಿ. ಅವರನ್ನು ಬಿಡಲೇಬೇಕೆಂದಿಲ್ಲ. ದರಗಳನ್ನು ಸರಿಹೊಂದಿಸಲು ಕೇಳಿ, ಅಥವಾ ಗಾರೆ ಮುಗಿಯುವವರೆಗೆ ದೊಡ್ಡ ಕಂತೊಂದನ್ನು ಹಿಡಿದಿಟ್ಟುಕೊಳ್ಳುವ ಒಪ್ಪಂದ ಮಾಡಿಕೊಳ್ಳಿ.

ಸಾಮಗ್ರಿ ನಾವೇ ಕೊಳ್ಳುತ್ತೇವೆ, ನೀವು ಕೂಲಿ ಮಾತ್ರ ಹೇಳಿ ಎನ್ನುವ ಲೇಬರ್ ಕಾಂಟ್ರ್ಯಾಕ್ಟ್ ದಾರಿಯೂ ಇದೆ. ಹಣ ಉಳಿಯಬಹುದು. ಆದರೆ ಸ್ಲ್ಯಾಬ್ ಹಾಕುವ ಬೆಳಗ್ಗೆ ನಾಲ್ಕು ಮೂಟೆ ಸಿಮೆಂಟ್ ಕಡಿಮೆ ಬಿದ್ದರೆ ಪೇಟೆಗೆ ಓಡುವವರು ನಿಮ್ಮ ತಂದೆಯವರು. ಮನೆಯಲ್ಲಿ ಓಡಾಡುವ ಒಬ್ಬರಿಲ್ಲದಿದ್ದರೆ ನಾನು ಅದನ್ನು ಹೇಳುವುದಿಲ್ಲ. ಪಂಚಾಯಿತಿಯ ಕಟ್ಟಡ ಪರವಾನಗಿಯನ್ನು ಮಾತ್ರ ಯಾವ ದಾರಿಯಲ್ಲಾದರೂ ನೀವೇ ಮಾಡಿಸಿಕೊಳ್ಳಿ, ‘ಒಂದು ಕೋಣೆಗೆ ಏನೂ ಬೇಡ’ ಎಂಬ ಮಾತಿಗೆ ಕಿವಿಗೊಡಬೇಡಿ. ಕೋಣೆಗೆ ಮುಂದೆಂದಾದರೂ ಬಚ್ಚಲು ಸೇರಿಸುವ ಯೋಚನೆ ಇದ್ದರೆ ಈಗಲೇ ಇಂಜಿನಿಯರಿಗೆ ಹೇಳಿ, ಪೈಪು ಇಳಿಯುವ ಜಾಗವನ್ನು ನಕ್ಷೆಯಲ್ಲಿ ಬಿಡುತ್ತಾರೆ.

ಕೊನೆಯದಾಗಿ ಸಮಯ. ಮಳೆಗಾಲದಲ್ಲಿ ಭಾರೀ ವಾಹನಗಳ ಸಂಚಾರಕ್ಕೆ ಜಿಲ್ಲಾಡಳಿತ ನಿರ್ಬಂಧ ಹೇರುವುದು ಇಲ್ಲಿ ವಾಡಿಕೆಯಾಗಿದೆ, ಜಲ್ಲಿ ಮರಳಿನ ಲಾರಿಗಳಿಗೆ ಅದು ತಟ್ಟುತ್ತದೆ. ಜನವರಿಯಲ್ಲಿ ಇಮೇಲ್ ಕಳುಹಿಸಿ ಫೆಬ್ರವರಿಯಲ್ಲಿ ಕೆಲಸ ಶುರುವಾದರೆ ಏಪ್ರಿಲ್ ಮುಗಿಯುವ ಮೊದಲು ಚಾವಣಿ, ಮೇ ತಿಂಗಳಲ್ಲಿ ಹೊರಗಾರೆ ಮುಗಿಸಬಹುದು. ಏಪ್ರಿಲ್ ಬಂದರೂ ದರದ ಮಾತೇ ಮುಗಿದಿಲ್ಲವಾದರೆ ಶೀಟಿಗೆ ಕೈ ಹಾಕಿಸಬೇಡಿ. ಮಳೆ ಕಳೆದು ನವೆಂಬರಿನಲ್ಲಿ ಅದೇ ಪಟ್ಟಿಯನ್ನು ಮತ್ತೆ ಕಳುಹಿಸಿ ಹೊಸ ದರ ಕೇಳಿ. ಅಷ್ಟರಲ್ಲಿ ಹಳೆಯ ದರದ ಅವಧಿ ಮುಗಿದಿರುತ್ತದೆ, ಕಂಬಿ ಸಿಮೆಂಟಿನ ಬೆಲೆಯೂ ಬದಲಾಗಿರುತ್ತದೆ.